ಇಪ್ಪತ್ತೈದು ಬ್ಯಾಗುಗಳ ಅಂತರ

ಕಳೆದ ಅಕ್ಟೋಬರ್‌ನಲ್ಲಿ ಒಂದು ಸಂಜೆ ಕಾಲೇಜಿನಿಂದ ನೇರವಾಗಿ ಅಬ್ಬಾ ಅವರ ಯೂನಿಟ್‌ಗೆ ಹೋದೆ. ಬೇಗೂರಿನ ಒಂದು ಅಡ್ಡರಸ್ತೆಯಲ್ಲಿ, ಮೂರು ಅಂತಸ್ತಿನ ಕಟ್ಟಡದ ನೆಲಮಹಡಿಯಲ್ಲಿ ಎಂಟು ಹೊಲಿಗೆ ಮೆಷಿನ್‌ಗಳು, ಒಂದು ಉದ್ದನೆಯ ಕಟಿಂಗ್ ಟೇಬಲ್, ಗೋಡೆಗೆ ಒರಗಿಸಿದ ಬಟ್ಟೆಯ ರೋಲ್‌ಗಳು. ಬೆನ್ನಿಗೆ ಹಾಕಿಕೊಳ್ಳುವ ಶಾಲಾ ಬ್ಯಾಗು, ಲ್ಯಾಪ್‌ಟಾಪ್ ಬ್ಯಾಗು ಹೊಲಿಯುವುದು ಅಲ್ಲಿನ ಕೆಲಸ. ಅಬ್ಬಾ ಟೇಬಲ್ ಮೇಲೆ ಒಂದು ಹಾಳೆ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಅದು ಬಾಡಿಗೆ ಕರಾರಿನ ಹೊಸ ಪ್ರತಿ. ನವೆಂಬರ್‌ನಿಂದ ಬಾಡಿಗೆ 30,000 ರೂಪಾಯಿ ಇದ್ದದ್ದು 36,000 ಆಗುತ್ತದೆ ಎಂದು ಅದರಲ್ಲಿ ಬರೆದಿತ್ತು.

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗದ ಮೆಟ್ರೋ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಹೊಸೂರು ರಸ್ತೆಯ ಹೊಂಗಸಂದ್ರ, ಸಿಂಗಸಂದ್ರ ನಿಲ್ದಾಣಗಳು ನಮಗೆ ಹತ್ತಿರ. "ಮೆಟ್ರೋ ಬಂದ ಮೇಲೆ ಈ ಏರಿಯಾ ರೇಟೇ ಬೇರೆ ಭಾಯ್" ಎಂದು ಕಟ್ಟಡದ ಮಾಲೀಕರು ಹೇಳಿ ಹೋಗಿದ್ದರಂತೆ. ಅವರು ಹೇಳಿದ್ದು ಸುಳ್ಳೂ ಅಲ್ಲ.

ನನ್ನನ್ನು ನೋಡಿದ ಕೂಡಲೇ ಅಬ್ಬಾ, "ಬೇಟಾ, ನೀನು ಕಾಮರ್ಸ್ ಓದ್ತೀಯಲ್ಲ, ಇನ್ನು ಮೇಲೆ ತಿಂಗಳಿಗೆ ಎಷ್ಟು ಬ್ಯಾಗು ಹೊಲಿದರೆ ನಾವು ಉಳಿಯುತ್ತೇವೆ, ಲೆಕ್ಕ ಹಾಕಿ ಹೇಳು" ಎಂದರು. ಅಂದು ಶುರುವಾದ ಲೆಕ್ಕ ಮುಗಿಯಲು ಮೂರು ವಾರ ಬೇಕಾಯಿತು. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಕಾಲೇಜಿನಲ್ಲಿ ಮನೆಯವರದೇ ಸಣ್ಣ ಯೂನಿಟ್ ಅಥವಾ ವರ್ಕ್‌ಶಾಪ್ ಇರುವವರು ನಾನೊಬ್ಬಳೇ ಅಲ್ಲ.

ಮೊದಲ ಕೆಲಸ ಖರ್ಚುಗಳನ್ನು ಎರಡು ಪಾಲು ಮಾಡುವುದು. ಒಂದು ಬ್ಯಾಗು ಹೆಚ್ಚು ಹೊಲಿದರೆ ಹೆಚ್ಚಾಗುವ ಖರ್ಚು ಬದಲಾಗುವ ವೆಚ್ಚ. ಒಂದೂ ಹೊಲಿಯದಿದ್ದರೂ ತಿಂಗಳ ಕೊನೆಗೆ ಕೊಡಲೇಬೇಕಾದದ್ದು ಸ್ಥಿರ ವೆಚ್ಚ. ಪುಸ್ತಕದಲ್ಲಿ ಇದು ಒಂದು ಸಾಲು, ರಿಜಿಸ್ಟರ್ ಮುಂದೆ ಕುಳಿತಾಗ ಅಷ್ಟು ಸುಲಭವಲ್ಲ. ಕರೆಂಟ್ ಬಿಲ್ಲನ್ನೇ ನೋಡಿ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್‌ಗೆ ತಕ್ಕಂತೆ ಒಂದು ನಿಗದಿತ ಶುಲ್ಕ ಇರುತ್ತದೆ, ಮೆಷಿನ್ ತಿರುಗದಿದ್ದರೂ ಅದು ಬರುತ್ತದೆ. ಬಳಸಿದ ಯೂನಿಟ್‌ಗಳಿಗೆ ಬೇರೆ ಶುಲ್ಕ. 2025ರ ಏಪ್ರಿಲ್‌ನಿಂದ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಎಂದು ಯೂನಿಟ್‌ಗೆ 36 ಪೈಸೆ ಸೇರಿತಲ್ಲ, ಅದು ಯೂನಿಟ್ ಲೆಕ್ಕದ್ದಾದ್ದರಿಂದ ಬದಲಾಗುವ ವೆಚ್ಚ. ಹೀಗೆ ಒಂದೇ ಬಿಲ್ಲು ಎರಡು ಕಡೆಗೆ ಹೋಗುತ್ತದೆ.

ಟೈಲರ್‌ಗಳು ನಮ್ಮಲ್ಲಿ ಪೀಸ್ ರೇಟಿಗೆ ಹೊಲಿಯುತ್ತಾರೆ, ಹಾಗಾಗಿ ಅವರ ಕೂಲಿ ಬದಲಾಗುವ ವೆಚ್ಚ. ಕಟಿಂಗ್ ಮಾಸ್ಟರ್ ಮತ್ತು ಇಬ್ಬರು ಹೆಲ್ಪರ್‌ಗಳದ್ದು ತಿಂಗಳ ಸಂಬಳ, ಅದು ಸ್ಥಿರ ವೆಚ್ಚ. ಜಿಎಸ್‌ಟಿಯನ್ನು ನಾನು ಬೆಲೆಯಲ್ಲೂ ಸೇರಿಸಲಿಲ್ಲ, ಖರ್ಚಿನಲ್ಲೂ ಸೇರಿಸಲಿಲ್ಲ. ಅದು ಸರ್ಕಾರದ ಹಣ, ನಮ್ಮ ಕೈಯಲ್ಲಿ ಹಾದು ಹೋಗುತ್ತದೆ ಅಷ್ಟೆ.

ಒಂದು ಬ್ಯಾಗಿಗೆ ಬಟ್ಟೆ, ಫೋಮ್, ಲೈನಿಂಗ್ 138 ರೂಪಾಯಿ. ಜಿಪ್, ರನ್ನರ್, ಬಕಲ್, ಪಟ್ಟಿ, ದಾರ ಸೇರಿ 58. ಹೊಲಿಗೆ ಕೂಲಿ 48. ಪ್ರಿಂಟಿಂಗ್, ಕವರ್, ಟೆಂಪೋ ಸೇರಿ 20. ವೇಸ್ಟ್ ಮತ್ತು ಮೆಷಿನ್ ಕರೆಂಟ್ 6. ಒಟ್ಟು 270. ಹೋಲ್‌ಸೇಲ್ ವ್ಯಾಪಾರಿಗೆ ನಾವು ಕೊಡುವ ಸರಾಸರಿ ಬೆಲೆ 350. ಉಳಿಯುವುದು 80 ರೂಪಾಯಿ. ಇದಕ್ಕೆ ಕಾಂಟ್ರಿಬ್ಯೂಷನ್ ಎನ್ನುತ್ತಾರೆ. ಇದು ಲಾಭವಲ್ಲ. ಪ್ರತಿ ಬ್ಯಾಗೂ ತನ್ನ ಖರ್ಚು ಕಳೆದು ಬಾಡಿಗೆಗೆ, ಸಂಬಳಕ್ಕೆ ಎಂದು ಡಬ್ಬಕ್ಕೆ ಹಾಕುವ ಹಣ. ಡಬ್ಬ ತುಂಬಿದ ಮೇಲೆ ಬರುವ ಬ್ಯಾಗಿನ 80 ರೂಪಾಯಿ ಮಾತ್ರ ಲಾಭ.

ಹಳೆಯ ಡಬ್ಬ ಎಷ್ಟು ದೊಡ್ಡದಿತ್ತು? ಬಾಡಿಗೆ 30,000, ಮಾಸ್ಟರ್ ಸಂಬಳ 26,000, ಇಬ್ಬರು ಹೆಲ್ಪರ್‌ಗಳಿಗೆ 30,000, ಕರೆಂಟಿನ ನಿಗದಿತ ಶುಲ್ಕ ಮತ್ತು ಲೈಟು 4,000, ಮೆಷಿನ್ ಸರ್ವಿಸ್, ಫೋನ್, ಅಕೌಂಟೆಂಟ್ ಶುಲ್ಕ 6,000, ಮೆಷಿನ್‌ಗಳ ಸವಕಳಿ 4,000. ಒಟ್ಟು ಒಂದು ಲಕ್ಷ. ಸೂತ್ರ ಸರಳ:

ಬ್ರೇಕ್-ಈವನ್ ಪ್ರಮಾಣ = ಸ್ಥಿರ ವೆಚ್ಚ ÷ ಒಂದು ಬ್ಯಾಗಿನ ಕಾಂಟ್ರಿಬ್ಯೂಷನ್

1,00,000 ÷ 80 = 1,250 ಬ್ಯಾಗು. ಇಷ್ಟು ಹೊಲಿದು ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕಳೆದ 12 ತಿಂಗಳಲ್ಲಿ ನಾವು ಮಾರಿದ್ದು 21,600 ಬ್ಯಾಗು, ಅಂದರೆ ತಿಂಗಳಿಗೆ ಸರಾಸರಿ 1,800. ಬ್ರೇಕ್-ಈವನ್‌ಗಿಂತ 550 ಹೆಚ್ಚು. ಈ 550ನ್ನೇ ಮಾರ್ಜಿನ್ ಆಫ್ ಸೇಫ್ಟಿ, ಅಂದರೆ ಸುರಕ್ಷತಾ ಅಂತರ ಎನ್ನುವುದು. ಇದನ್ನು ಮಾರಾಟದ ಶೇಕಡಾವಾರು ಲೆಕ್ಕದಲ್ಲಿ ಹೇಳುವುದು ವಾಡಿಕೆ: 550 ÷ 1,800, ಶೇ 30.6. ಮಾರಾಟ ಶೇ 30ರಷ್ಟು ಬಿದ್ದರೂ ಯೂನಿಟ್ ನಷ್ಟಕ್ಕೆ ಇಳಿಯುವುದಿಲ್ಲ ಎಂದರ್ಥ. ಲಾಭ 550 × 80 = 44,000. ಅಬ್ಬಾ ತಲೆಯಾಡಿಸಿ, "ಹೌದು, ಅಷ್ಟೇ ಮನೆಗೆ ಬರುತ್ತಿತ್ತು" ಎಂದರು.

ಈಗ ಹೊಸ ಖರ್ಚು. ಬಾಡಿಗೆ 6,000 ಹೆಚ್ಚು. ಕನಿಷ್ಠ ವೇತನಕ್ಕೆ ಸೇರುವ ತುಟ್ಟಿಭತ್ಯೆ ನಮ್ಮ ರಾಜ್ಯದಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ಅಬ್ಬಾ ಹೆಲ್ಪರ್‌ಗಳಿಗೆ ತಲಾ 1,000, ಮಾಸ್ಟರ್‌ಗೆ 2,000 ಹೆಚ್ಚಿಸುವುದಾಗಿ ಮೊದಲೇ ಮಾತು ಕೊಟ್ಟಿದ್ದರು. ಕರೆಂಟಿನ ನಿಗದಿತ ಭಾಗಕ್ಕೆ 1,000, ಸರ್ವಿಸ್ ಮತ್ತು ಅಕೌಂಟೆಂಟ್ ಶುಲ್ಕಕ್ಕೆ 1,000 ಸೇರಿಸಿದೆ. ಒಟ್ಟು ಏರಿಕೆ 12,000. ಸ್ಥಿರ ವೆಚ್ಚ 1,12,000, ಬ್ರೇಕ್-ಈವನ್ 1,400 ಬ್ಯಾಗು. ಅದೇ 1,800 ಮಾರಿದರೆ ಲಾಭ 32,000, ಸುರಕ್ಷತಾ ಅಂತರ ಶೇ 22.2.

ಇಲ್ಲಿ ನನಗೆ ಮೊದಲ ಸಲ ಆಶ್ಚರ್ಯವಾಯಿತು. ಖರ್ಚು ಏರಿದ್ದು ಶೇ 12, ಲಾಭ ಇಳಿದದ್ದು ಶೇ 27. ಬೆಲೆಯೂ ಬದಲಾಗಿಲ್ಲ, ಮಾರಾಟವೂ ಕಡಿಮೆಯಾಗಿಲ್ಲ. ಆದರೂ ಹೀಗಾಯಿತು, ಏಕೆಂದರೆ ಏರಿಕೆಯ 12,000 ಪೂರ್ತಿ ಬಂದದ್ದು ಡಬ್ಬ ತುಂಬಿದ ಮೇಲಿನ ಆ ಸಣ್ಣ ಪಾಲಿನಿಂದಲೇ.

ಲೆಕ್ಕವನ್ನು ನಮ್ಮ ಎಕನಾಮಿಕ್ಸ್ ಸರ್‌ಗೆ ತೋರಿಸಿದೆ. ಅವರು ಎರಡು ನಿಮಿಷ ನೋಡಿ, "ಎಲ್ಲ ಸರಿಯಾಗಿದೆ. ನಿಮ್ಮ ತಂದೆಯ ಸಂಬಳ ಎಲ್ಲಿ?" ಎಂದರು. ನನಗೆ ಅರ್ಥವಾಗಲಿಲ್ಲ. ಅಬ್ಬಾಗೆ ಯಾರು ಸಂಬಳ ಕೊಡುತ್ತಾರೆ, ಯೂನಿಟ್ ಅವರದೇ ಅಲ್ಲವೇ? ಸರ್ ದ್ವಿತೀಯ ಪಿಯುಸಿ ಎಕನಾಮಿಕ್ಸ್ ಪುಸ್ತಕದಲ್ಲಿ ಪರಿಪೂರ್ಣ ಪೈಪೋಟಿಯ ಅಧ್ಯಾಯ ತೆಗೆಸಿದರು. ಅಲ್ಲಿ ಬ್ರೇಕ್-ಈವನ್ ಬಿಂದು ಎಂದರೆ ಸಂಸ್ಥೆ ಸಾಮಾನ್ಯ ಲಾಭವನ್ನು ಮಾತ್ರ ಗಳಿಸುವ ಬಿಂದು ಎಂದಿದೆ. ಪರೀಕ್ಷೆಗಾಗಿ ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಸಾಮಾನ್ಯ ಲಾಭ ಎಂದರೆ ಮಾಲೀಕ ತನ್ನ ದುಡಿಮೆಯನ್ನು ಬೇರೆ ಕಡೆ ಹಾಕಿದ್ದರೆ ಸಿಗಬಹುದಾಗಿದ್ದ ಕನಿಷ್ಠ ಪ್ರತಿಫಲ. ಅದು ವೆಚ್ಚದ ಭಾಗವೇ.

ಅಬ್ಬಾ ಬೆಳಗ್ಗೆ ಎಂಟಕ್ಕೆ ಶಟರ್ ಎತ್ತುತ್ತಾರೆ, ಬಟ್ಟೆ ತರುತ್ತಾರೆ, ಲೋಡ್ ಮಾಡಿಸುತ್ತಾರೆ, ಮಾಸ್ಟರ್ ರಜೆ ಹಾಕಿದ ದಿನ ತಾವೇ ಕತ್ತರಿ ಹಿಡಿಯುತ್ತಾರೆ. ರಿಜಿಸ್ಟರ್‌ನಲ್ಲಿ ಎಲ್ಲರ ಹೆಸರಿದೆ, ಅವರದಿಲ್ಲ. ಅವರು ಬೇರೆಯವರ ಯೂನಿಟ್‌ನಲ್ಲಿ ಸೂಪರ್‌ವೈಸರ್ ಆಗಿದ್ದರೆ 30,000 ಆದರೂ ಸಿಗುತ್ತಿತ್ತು. ಮನೆ ಬಾಡಿಗೆ, ದಿನಸಿ, ನಮ್ಮ ಫೀಸು ನಡೆಯಲು ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ.

ಅದನ್ನು ಸೇರಿಸಿ ಮತ್ತೆ ಭಾಗಿಸಿದೆ. ಹಳೆಯ ಲೆಕ್ಕದಲ್ಲಿ 1,30,000 ÷ 80 = 1,625. ಹೊಸ ಲೆಕ್ಕದಲ್ಲಿ 1,42,000 ÷ 80 = 1,775. ಸರಾಸರಿ ಮಾರಾಟ 1,800. ಉಳಿದ ಅಂತರ 25 ಬ್ಯಾಗು, ಶೇ 1.4. ತಿಂಗಳಿಗೆ 25 ಕೆಲಸದ ದಿನ ಎಂದರೆ ದಿನಕ್ಕೆ ಸರಾಸರಿ 72 ಬ್ಯಾಗು. ಅಂದರೆ ನಮ್ಮ ಮನೆಗೂ ಕೊರತೆಗೂ ನಡುವೆ ಇದ್ದದ್ದು ದಿನದ ಮೂರನೇ ಒಂದು ಪಾಲಿನ ಕೆಲಸ. ಆ ರಾತ್ರಿ ಅಬ್ಬಾಗೆ ಇದನ್ನು ತೋರಿಸಿದಾಗ ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನ್ನ ಸಂಬಳ ಬರೆದದ್ದು ನೀನೇ ಮೊದಲು" ಎಂದು ನಕ್ಕರು.

ಸರಾಸರಿಯೂ ಪೂರ್ತಿ ನಿಜ ಹೇಳುವುದಿಲ್ಲ. ಏಪ್ರಿಲ್, ಮೇ, ಜೂನ್ ಶಾಲಾ ಬ್ಯಾಗಿನ ಸೀಸನ್. ಏಪ್ರಿಲ್‌ನಲ್ಲಿ 2,400 ಹೊಲಿದಿದ್ದೆವು, ಎಂಟು ಮೆಷಿನ್‌ಗಳಿಂದ ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಜುಲೈ, ಆಗಸ್ಟ್ ಎರಡೂ ತಿಂಗಳು 1,400. ರಮ್ಜಾನ್ ಬಂದ ಮಾರ್ಚ್‌ನಲ್ಲಿ 1,300 ಮಾತ್ರ. ಇಫ್ತಾರ್‌ಗೆ ಮುಂಚೆಯೇ ಮೆಷಿನ್ ನಿಲ್ಲುತ್ತದೆ, ಕೊನೆಯ ವಾರ ಟೈಲರ್‌ಗಳು ಈದ್‌ಗೆ ಊರಿಗೆ ಹೊರಡುತ್ತಾರೆ. ಅದು ಆಗಬೇಕಾದದ್ದೇ, ಅದನ್ನು ಯಾರೂ ತಪ್ಪಿಸುವುದಿಲ್ಲ. ಆದರೆ ಬಾಡಿಗೆಗೆ ತಿಂಗಳು ಯಾವುದೆಂದು ಗೊತ್ತಿಲ್ಲ. ಹಳೆಯ ವೆಚ್ಚದಲ್ಲಿ 1,300 ಬ್ಯಾಗು ಎಂದರೆ 4,000 ಲಾಭ. ಹೊಸ ವೆಚ್ಚದಲ್ಲಿ ಅದೇ 1,300 ಎಂದರೆ 8,000 ನಷ್ಟ, ಅದೂ ಅಬ್ಬಾ ಅವರ ಸಂಬಳ ಸೇರಿಸದೆ. 12 ತಿಂಗಳಲ್ಲಿ ಏಳು ತಿಂಗಳು ಮಾರಾಟ 1,775ಕ್ಕಿಂತ ಕೆಳಗಿತ್ತು. ಸೀಸನ್ನಿನ ಮೂರು ತಿಂಗಳು ಉಳಿದ ತಿಂಗಳುಗಳನ್ನು ಹೊತ್ತುಕೊಂಡು ನಡೆಯುತ್ತಿದ್ದವು.

"ಹಾಗಾದರೆ ಆ ತಿಂಗಳು ಮುಚ್ಚಿಬಿಡುವುದೇ ಲೇಸಲ್ಲವೇ?" ಎಂದು ನನ್ನ ತಮ್ಮ ಕೇಳಿದ. ಅಲ್ಲ. ಮುಚ್ಚಿದರೆ 1,12,000 ಪೂರ್ತಿ ನಷ್ಟ. ನಡೆಸಿದರೆ 1,300 ಬ್ಯಾಗುಗಳು ತಲಾ 80ರಂತೆ 1,04,000 ತರುತ್ತವೆ, ನಷ್ಟ 8,000ಕ್ಕೆ ನಿಲ್ಲುತ್ತದೆ.

ಬೆಲೆ ಏರಿಸಬಹುದಿತ್ತಲ್ಲ ಎಂದು ನಿಮಗೂ ಅನ್ನಿಸಬಹುದು. 12,000ವನ್ನು 1,800ರಿಂದ ಭಾಗಿಸಿದರೆ ಬ್ಯಾಗಿಗೆ 7 ರೂಪಾಯಿಯೂ ಆಗುವುದಿಲ್ಲ. ಅಬ್ಬಾ ಕೇಳಿದರು. ವ್ಯಾಪಾರಿ ಚಹಾ ಕುಡಿಸಿ, ಬೊಮ್ಮನಹಳ್ಳಿಯ ಇನ್ನೊಂದು ಯೂನಿಟ್ 345ಕ್ಕೇ ಕೊಡಲು ಬಂದಿದೆ ಎಂದು ಹೇಳಿ ಕಳಿಸಿದ. ನಮ್ಮ ಬಾಡಿಗೆ ಏರಿದ್ದು ನಮ್ಮ ಕಷ್ಟ, ಅವನ ಪೇಟೆಯ ಬೆಲೆ ಅದರಿಂದ ಏರುವುದಿಲ್ಲ.

ಅದೇ ವಾರ ಇನ್ನೊಂದು ದಾರಿ ತೆರೆಯಿತು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಹೊಸದಾಗಿ ಕೆಲಸಕ್ಕೆ ಸೇರುವವರ ಕಿಟ್ ಪೂರೈಸುವ ಒಬ್ಬ ಪಾರ್ಟಿ ತಿಂಗಳಿಗೆ 600 ಲ್ಯಾಪ್‌ಟಾಪ್ ಬ್ಯಾಗು ಬೇಕೆಂದರು. ಬೆಲೆ 330. ನಮ್ಮ ಕಟ್ಟಡದ ಮೊದಲ ಮಹಡಿಯಲ್ಲಿ ಒಂದು ಹಾಲ್ ಖಾಲಿ ಇತ್ತು. ಮಾಮು ನಾಲ್ಕು ಮೆಷಿನ್‌ಗೆ ಹಣ ಕೊಡಲು ಒಪ್ಪಿದರು. ಬಡ್ಡಿ ಇಲ್ಲದ ಸಾಲ, ತಿಂಗಳಿಗೆ 10,000ದಂತೆ ತೀರಿಸಬೇಕು. ಮನೆಯಲ್ಲಿ ಎಲ್ಲರಿಗೂ ಖುಷಿ. ಮಾರಾಟ ತಿಂಗಳಿಗೆ ಸುಮಾರು ಎರಡು ಲಕ್ಷ ಹೆಚ್ಚಾಗುತ್ತದೆ, ಬಡ್ಡಿಯ ಪಾಪವೂ ಇಲ್ಲ.

ನಾನು ಈ ಆರ್ಡರ್‌ಗೇ ಬೇರೆ ಹಾಳೆ ತೆಗೆದುಕೊಂಡೆ. ಬೆಲೆ 330, ವೆಚ್ಚ ಅದೇ 270, ಕಾಂಟ್ರಿಬ್ಯೂಷನ್ 60. ಹೊಸ ಹಾಲ್ ಬಾಡಿಗೆ 14,000, ಇನ್ನೊಬ್ಬ ಹೆಲ್ಪರ್ 16,000, ಮಾಮು ಕಂತು 10,000, ಒಟ್ಟು 40,000. ಅಕೌಂಟೆನ್ಸಿ ಪ್ರಕಾರ ಸಾಲದ ಅಸಲು ತೀರಿಸುವುದು ವೆಚ್ಚವಲ್ಲ, ಸವಕಳಿ ಮಾತ್ರ ವೆಚ್ಚ. ಆದರೆ ನನಗೆ ಬೇಕಾಗಿದ್ದದ್ದು ತಿಂಗಳ ಕೊನೆಗೆ ಕೈಯಲ್ಲಿ ಹಣ ಇರುತ್ತದೆಯೇ ಎಂಬುದು, ಹಾಗಾಗಿ ಕಂತನ್ನೇ ಹಾಕಿದೆ. 40,000 ÷ 60 = 667. ಪಾರ್ಟಿ ಕೊಡುವುದು 600. ಒಂದೂ ತಿಂಗಳು ತಪ್ಪದೆ ಆರ್ಡರ್ ಬಂದರೂ ತಿಂಗಳಿಗೆ 4,000 ಕಡಿಮೆ ಬೀಳುತ್ತದೆ. ಬಡ್ಡಿ ಇಲ್ಲದ ಸಾಲ ಒಳ್ಳೆಯದೇ, ಆದರೆ ಅದರ ಕಂತೂ ಸ್ಥಿರ ಖರ್ಚಿನಂತೆಯೇ ಪ್ರತಿ ತಿಂಗಳು ಬಾಗಿಲು ತಟ್ಟುತ್ತದೆ. ಮಾಮು ಬೇಡ ಎನ್ನದಿದ್ದರೂ ನಾವು ಕೊಡಲೇಬೇಕು.

ಕಟಿಂಗ್ ಮಾಸ್ಟರ್ ಸಿರಾ ಕಡೆಯವರು, ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದಾರೆ. ನನ್ನ ಹಾಳೆ ನೋಡಿ ಅವರು ಒಂದೇ ಮಾತು ಹೇಳಿದರು: "ಮೇಲಿನ ಹಾಲ್ ಯಾಕಮ್ಮಾ? ಜುಲೈನಲ್ಲಿ ಕೆಳಗಿನ ಮೆಷಿನ್ನೇ ಅರ್ಧ ದಿನ ನಿದ್ದೆ ಮಾಡ್ತಾವಲ್ಲ."

ಅಲ್ಲಿಂದ ಲೆಕ್ಕ ತಿರುಗಿತು. ಎಂಟು ಮೆಷಿನ್‌ಗಳ ಸಾಮರ್ಥ್ಯ ತಿಂಗಳಿಗೆ 2,400. ಜುಲೈ, ಆಗಸ್ಟ್‌ನಲ್ಲಿ ತಲಾ 1,000 ಬ್ಯಾಗಿನ ಜಾಗ ಖಾಲಿ. ಸೆಪ್ಟೆಂಬರ್, ನವೆಂಬರ್, ಡಿಸೆಂಬರ್, ಜನವರಿ, ಫೆಬ್ರುವರಿಗಳಲ್ಲೂ ಐನೂರರಿಂದ ಎಂಟುನೂರೈವತ್ತರವರೆಗೆ ಖಾಲಿ. ಎಲ್ಲ ಕೂಡಿದರೆ ವರ್ಷಕ್ಕೆ 5,550. ಈ ಖಾಲಿ ಜಾಗದಲ್ಲಿ ಹೊಲಿದ ಬ್ಯಾಗಿಗೆ ಹೊಸ ಬಾಡಿಗೆ ಇಲ್ಲ, ಹೊಸ ಹೆಲ್ಪರ್ ಇಲ್ಲ. ಹಾಗಾಗಿ ಮೇಲಿನ ಹಾಲ್‌ನಲ್ಲಿ ನಷ್ಟ ತರುತ್ತಿದ್ದ ಅದೇ 330ರ ಬ್ಯಾಗು ಇಲ್ಲಿ 60 ರೂಪಾಯಿಯನ್ನು ಪೂರ್ತಿ ತರುತ್ತದೆ.

ಅಬ್ಬಾ ಪಾರ್ಟಿಯ ಬಳಿ ಹೋಗಿ, ತಿಂಗಳಿಗೆ 600 ಆಗುವುದಿಲ್ಲ, ವರ್ಷಕ್ಕೆ 4,800 ಕೊಡುತ್ತೇನೆ, ಆದರೆ ರಮ್ಜಾನ್ ತಿಂಗಳಲ್ಲೂ ಏಪ್ರಿಲ್‌ನಿಂದ ಜೂನ್‌ವರೆಗೂ ಕೇಳಬೇಡಿ ಎಂದರು. ಅವರು ಸ್ವಲ್ಪ ಎಳೆದಾಡಿ ಒಪ್ಪಿದರು. ಸರಾಸರಿ ತಿಂಗಳಿಗೆ 400 ಬ್ಯಾಗು.

ಈಗಿನ ಲೆಕ್ಕ ಹೀಗಿದೆ. ಹಳೆಯ 1,800 ಬ್ಯಾಗಿನಿಂದ 1,44,000, ಹೊಸ 400ರಿಂದ 24,000, ಒಟ್ಟು ಕಾಂಟ್ರಿಬ್ಯೂಷನ್ 1,68,000. ಅದನ್ನು 2,200 ಬ್ಯಾಗಿಗೆ ಹಂಚಿದರೆ ಒಂದಕ್ಕೆ 76.36. ಅಬ್ಬಾ ಅವರ ಸಂಬಳ ಸೇರಿದ 1,42,000ವನ್ನು ಇದರಿಂದ ಭಾಗಿಸಿದರೆ ಬ್ರೇಕ್-ಈವನ್ 1,860. ಮೊದಲಿನ 1,775ಕ್ಕಿಂತ ಇದು ಹೆಚ್ಚು, ಏಕೆಂದರೆ ಕಡಿಮೆ ಬೆಲೆಯ ಬ್ಯಾಗು ಸೇರಿ ಸರಾಸರಿ ಕಾಂಟ್ರಿಬ್ಯೂಷನ್ ಇಳಿಯಿತು. ಆದರೆ ಸುರಕ್ಷತಾ ಅಂತರ 25ರಿಂದ 340 ಬ್ಯಾಗಿಗೆ, ಶೇ 1.4ರಿಂದ ಶೇ 15.5ಕ್ಕೆ ಏರಿತು. ಬ್ರೇಕ್-ಈವನ್ ಸಂಖ್ಯೆಯೊಂದನ್ನೇ ನೋಡಿದ್ದರೆ ಪರಿಸ್ಥಿತಿ ಕೆಟ್ಟಿತು ಎಂದುಕೊಳ್ಳುತ್ತಿದ್ದೆ. ಎರಡನ್ನೂ ಜೊತೆಯಾಗಿ ನೋಡಬೇಕು.

ಈ 1,860 ಕಲ್ಲಿನ ಮೇಲಿನ ಬರಹವಲ್ಲ. 350ರ ಬ್ಯಾಗು ಕಡಿಮೆಯಾಗಿ 330ರದ್ದು ಹೆಚ್ಚಾದರೆ ಅದು ಇನ್ನೂ ಏರುತ್ತದೆ. ಜಿಪ್ಪಿನ ಬೆಲೆ ಐದು ರೂಪಾಯಿ ಏರಿದರೂ ಬದಲಾಗುತ್ತದೆ. ಕೆಲಸ ಇಲ್ಲದ ವಾರ ಟೈಲರ್‌ಗಳು ಬೇರೆ ಕಡೆ ಹೋಗದಿರಲಿ ಎಂದು ಅಬ್ಬಾ ಖರ್ಚಿಗೆ ಸ್ವಲ್ಪ ಹಣ ಕೊಡುತ್ತಾರೆ. ಅದು ಪೀಸ್ ರೇಟೂ ಅಲ್ಲ, ಸಂಬಳವೂ ಅಲ್ಲ, ನನ್ನ ಎರಡು ಪಾಲಿನಲ್ಲಿ ಅದಕ್ಕೆ ಸರಿಯಾದ ಜಾಗ ಇನ್ನೂ ಸಿಕ್ಕಿಲ್ಲ.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ರಿಜಿಸ್ಟರ್ ನನ್ನ ಮುಂದೆ ಬರುತ್ತದೆ. ಯಾವುದಾದರೂ ಸ್ಥಿರ ವೆಚ್ಚ ಏರಿದರೆ ಅದನ್ನು ರೂಪಾಯಿಯಲ್ಲಿ ಬರೆದು, ಪಕ್ಕದಲ್ಲಿ ಅಷ್ಟು ಹಣಕ್ಕೆ ಎಷ್ಟು ಬ್ಯಾಗು ಎಂದೂ ಬರೆಯುತ್ತೇನೆ. 6,000 ಬಾಡಿಗೆ ಏರಿಕೆ ಎಂದರೆ 79 ಬ್ಯಾಗು. ಹಾಗೆ ಬರೆದರೆ ಮಾಸ್ಟರ್‌ಗೂ ಅರ್ಥವಾಗುತ್ತದೆ, ಅಮ್ಮಿಗೂ ಅರ್ಥವಾಗುತ್ತದೆ. ಸಂಬಳದ ಪುಟದಲ್ಲಿ ಮಾಸ್ಟರ್ ಮತ್ತು ಹೆಲ್ಪರ್‌ಗಳ ಹೆಸರಿನ ಕೆಳಗೆ ಇನ್ನೊಂದು ಹೆಸರು ಸೇರಿದೆ. ಅದರ ಮುಂದೆ 30,000 ಎಂದಿದೆ, ಮತ್ತು ಅಬ್ಬಾ ಬೇಡ ಬೇಡ ಎನ್ನುತ್ತಲೇ ಅಲ್ಲಿ ಸಹಿ ಹಾಕುತ್ತಾರೆ.